ಮಾರ್ಕೆಟ್ ಮಲಗಿದ್ದಾಗ ನಾನು ಆಫೀಸಿನಲ್ಲಿ: ಸಿಂಗಪುರದಿಂದ ಅಮೆರಿಕದ ಆಪ್ಷನ್ಸ್ ಮಾಡಿದ ಕಥೆ

ಅಮೆರಿಕದ ಮಾರ್ಕೆಟ್‌ನಲ್ಲಿ ಆಪ್ಷನ್ಸ್ ಮಾಡ್ತೀನಿ ಅಂದ್ರೆ ಎಲ್ಲರೂ ಕೇಳೋದು ಒಂದೇ ಪ್ರಶ್ನೆ, ರಾತ್ರಿ ನಿದ್ದೆ ಹೇಗೆ ಮಾಡ್ತೀಯಾ ಅಂತ. ನಿದ್ದೆ ದೊಡ್ಡ ವಿಷಯವೇ ಅಲ್ಲ. ಸಿಂಗಪುರದಲ್ಲಿ ಕೂತವನಿಗೆ ಅಲ್ಲಿನ ಮಾರ್ಕೆಟ್ ಬೇಸಿಗೆಯಲ್ಲಿ ರಾತ್ರಿ ಒಂಬತ್ತೂವರೆಗೆ ತೆರೆಯುತ್ತದೆ, ಊಟ ಮುಗಿಸಿ ಕೂತರೆ ಎರಡು ಗಂಟೆ ಆರಾಮಾಗಿ ನೋಡಬಹುದು, ಹನ್ನೊಂದೂವರೆಗೆ ಮಲಗಬಹುದು. ಕಷ್ಟ ಇರೋದು ಹಗಲಲ್ಲಿ. ಅವರು 'ಓವರ್‌ನೈಟ್ ರಿಸ್ಕ್' ಅನ್ನೋ ರಾತ್ರಿ ನಮ್ಮ ಇಡೀ ಆಫೀಸ್ ದಿನ. ಮೀಟಿಂಗ್‌ನಲ್ಲಿ ತಲೆ ಆಡಿಸ್ತಾ ಕೂತಿರುವಾಗ ನಮ್ಮ ದುಡ್ಡು ಮುಚ್ಚಿದ ಅಂಗಡಿಯೊಳಗೆ ಸಿಕ್ಕಿಕೊಂಡಿರುತ್ತದೆ.

ಇದು ನನಗೆ ಮೊದಲು ಅರ್ಥ ಆಗಿದ್ದು ಒಂದು ಶನಿವಾರ. ಆಗ ಬಿಡಿ ಕಂಪನಿಗಳ ಷೇರಿನ ಮೇಲೆ ಪುಟ್ ಮಾರ್ತಿದ್ದೆ. ಪುಟ್ ಮಾರೋದು ಅಂದ್ರೆ ಒಂಥರಾ ಇನ್ಶೂರೆನ್ಸ್ ಮಾರಿದ ಹಾಗೆ. ಷೇರು ಇಷ್ಟಕ್ಕಿಂತ ಕೆಳಗೆ ಹೋದರೂ ಈ ಬೆಲೆಗೆ ನಾನು ಕೊಳ್ತೀನಿ ಅಂತ ಮಾತು ಕೊಟ್ಟು ಪ್ರೀಮಿಯಂ ತಗೋತೀವಿ. ಹಾಗೆ ಮಾತು ಕೊಟ್ಟ ಬೆಲೆಯೇ ಸ್ಟ್ರೈಕ್, ಒಂದು ಪುಟ್ ಅಂದ್ರೆ ನೂರು ಷೇರು. ನೂರು ಡಾಲರ್ ಸ್ಟ್ರೈಕಿನ ಮೂರು ಪುಟ್ ಮಾರಿದ್ದೆ, ಅವಧಿ ಮುಗಿಯೋದು ಶುಕ್ರವಾರ, ಅದೇ ಎಕ್ಸ್‌ಪೈರಿ. ಅಲ್ಲಿ ಸಂಜೆ ನಾಲ್ಕಕ್ಕೆ, ಅಂದ್ರೆ ನಮಗೆ ಶನಿವಾರ ಬೆಳಗಿನ ಜಾವ ನಾಲ್ಕಕ್ಕೆ, ಷೇರು 100.40ರಲ್ಲಿ ನಿಂತಿತು. ನಲವತ್ತು ಸೆಂಟ್ ಮೇಲಿದೆ, ಪ್ರೀಮಿಯಂ ಪೂರ್ತಿ ನಂದು ಅಂತ ಮಲಗಿದೆ. ಹನ್ನೆರಡು ಗಂಟೆಗೆ ಎದ್ದು ನೋಡಿದರೆ ಅಕೌಂಟಿನಲ್ಲಿ 300 ಷೇರು, ಮೂವತ್ತು ಸಾವಿರ ಡಾಲರ್ ಮಾಲು. ನನ್ನ ಹತ್ತಿರ ಅಷ್ಟು ಡಾಲರ್ ಇರಲೇ ಇಲ್ಲ, ಉಳಿದದ್ದು ಬ್ರೋಕರ್ ಕೊಟ್ಟ ಸಾಲ.

ಏನಾಗಿತ್ತು ಅಂದ್ರೆ, ಟ್ರೇಡಿಂಗ್ ನಾಲ್ಕಕ್ಕೆ ನಿಂತರೂ ಪುಟ್ ಕೊಂಡವನಿಗೆ ಅದನ್ನು ಚಲಾಯಿಸಲು ಅಲ್ಲಿನ ಸಂಜೆ ಐದೂವರೆವರೆಗೆ ಸಮಯ ಇರುತ್ತದೆ. ಆ ಒಂದೂವರೆ ಗಂಟೆಯಲ್ಲಿ ಏನೋ ಸುದ್ದಿ ಬಂದು ಷೇರು 98ಕ್ಕೆ ಇಳಿದಿತ್ತು. 98ರ ಮಾಲನ್ನು ನೂರಕ್ಕೆ ತಗೋ ಅಂತ ನನ್ನ ಕೈಗೆ ಕೊಟ್ಟರು. ನ್ಯಾಯವಾದದ್ದೇ. ಆದರೆ ನನಗೆ ಅದನ್ನು ಮಾರಲು ಮುಂದಿನ ಸರಿಯಾದ ಅವಕಾಶ ಸೋಮವಾರ ರಾತ್ರಿ ಒಂಬತ್ತೂವರೆಗೆ. ಲೆಕ್ಕ ಹಾಕಿದೆ, ಅರವತ್ತೈದೂವರೆ ಗಂಟೆ. ಸೋಮವಾರ ಸಂಜೆ ನಾಲ್ಕರಿಂದ ಪ್ರೀ-ಮಾರ್ಕೆಟ್ ಅಂತ ಒಂದು ನಡೆಯುತ್ತೆ, ಆದರೆ ಆ ಷೇರಿಗೆ ಅಲ್ಲಿ ಕೊಳ್ಳೋರೇ ಇರಲಿಲ್ಲ. ಕೊನೆಗೆ 96ಕ್ಕೆ ಮಾರಿ 1,200 ಡಾಲರ್ ಕಳೆದುಕೊಂಡೆ. ಅವತ್ತಿಂದ ಶುಕ್ರವಾರ ರಾತ್ರಿ ಮಲಗುವ ಮುಂಚೆ, ಐದು ಸೆಂಟ್ ಬೆಲೆ ಉಳಿದಿದ್ದರೂ ಸರಿ, ಆ ಐದು ಸೆಂಟ್ ಕೊಟ್ಟು ಪುಟ್ ವಾಪಸ್ ಕೊಂಡು ಮಲಗ್ತೀನಿ.

ಆಮೇಲೆ ಬಿಡಿ ಷೇರು ಬಿಟ್ಟು ಅಮೆರಿಕದ ದೊಡ್ಡ ಕಂಪನಿಗಳ ಎಸ್ ಅಂಡ್ ಪಿ 500 ಸೂಚ್ಯಂಕದ ಆಪ್ಷನ್‌ಗೆ ಬಂದೆ. ಷಿಕಾಗೋದ ಸಿಬೋ ಎಕ್ಸ್‌ಚೇಂಜಿನಲ್ಲಿ ನಡೆಯೋದು ಇದು. ಎರಡು ಅನುಕೂಲ. ಒಂದು, ಇಲ್ಲಿ ಷೇರು ಕೈಗೆ ಬರೋದೇ ಇಲ್ಲ, ಎಕ್ಸ್‌ಪೈರಿಗೆ ಲೆಕ್ಕ ಮಾಡಿ ಹಣ ಕೊಡ್ತಾರೆ ಅಥವಾ ಕಿತ್ಕೋತಾರೆ, ಮಧ್ಯದಲ್ಲಿ ಯಾರೂ ಚಲಾಯಿಸೋ ಹಾಗಿಲ್ಲ. ಎರಡನೆಯದು ನಮ್ಮಂಥವರಿಗಾಗಿಯೇ ಮಾಡಿದ ಹಾಗಿದೆ. 2021ರ ನವೆಂಬರ್‌ನಿಂದ ಈ ಆಪ್ಷನ್ ಹೆಚ್ಚು ಕಡಿಮೆ ಇಪ್ಪತ್ನಾಲ್ಕು ಗಂಟೆ ನಡೆಯುತ್ತದೆ. ನ್ಯೂಯಾರ್ಕಿನ ರಾತ್ರಿ ಎಂಟೂಕಾಲಿಗೆ ಶುರುವಾಗಿ ಮರುದಿನ ಬೆಳಿಗ್ಗೆ 9.25ರವರೆಗೆ ಒಂದು ಸೆಷನ್, ಆಮೇಲೆ ಒಂಬತ್ತೂವರೆಗೆ ಮುಖ್ಯ ಸೆಷನ್. ಆ ರಾತ್ರಿ ಸೆಷನ್ ಶುರುವಾಗೋದು ನಮಗೆ ಬೆಳಿಗ್ಗೆ ಎಂಟೂಕಾಲಿಗೆ. ನಾನು ಎಂಆರ್‌ಟಿ ರೈಲು ಹತ್ತೋ ಹೊತ್ತಿಗೆ ಅಂಗಡಿ ತೆರೆದಿರುತ್ತೆ ಅಂತ ಖುಷಿಪಟ್ಟೆ.

ಅಂಗಡಿ ತೆರೆದಿರೋದು ಬೇರೆ, ವ್ಯಾಪಾರ ಆಗೋದು ಬೇರೆ.

ಟೈಮಿನ ಬಗ್ಗೆ ಇನ್ನೊಂದು ಮಾತು ಹೇಳಿ ಮುಂದೆ ಹೋಗ್ತೀನಿ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಮುಂದೆ ಹಾಕ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದೆ ಹಾಕ್ತಾರೆ. ಸಿಂಗಪುರದಲ್ಲಿ ಆ ಗೋಜಿಲ್ಲ. ಹಾಗಾಗಿ ಚಳಿಗಾಲದಲ್ಲಿ ನಮಗೆ ಎಲ್ಲವೂ ಒಂದು ಗಂಟೆ ತಡ, ಮಾರ್ಕೆಟ್ ಹತ್ತೂವರೆಗೆ ತೆರೆದು ಬೆಳಿಗ್ಗೆ ಐದಕ್ಕೆ ಮುಚ್ಚುತ್ತೆ. ಮೊದಲ ವರ್ಷ ನನಗೆ ಇದು ಮರೆತೇ ಹೋಗಿತ್ತು. ಆ ಸೋಮವಾರ ಒಂಬತ್ತೂವರೆಗೆ ಸರಿಯಾಗಿ ಕೂತು, ಕೊಳ್ಳೋ ಬೆಲೆಗೂ ಮಾರೋ ಬೆಲೆಗೂ ಯಾಕಿಷ್ಟು ಅಂತರ, ಏನೋ ಅನಾಹುತ ಆಗಿದೆ ಅಂತ ಗಾಬರಿಯಾಗಿ ಸುದ್ದಿ ಹುಡುಕಿದೆ. ಅನಾಹುತ ಏನೂ ಇಲ್ಲ, ಇನ್ನೂ ಬಾಗಿಲು ತೆಗೆದಿರಲಿಲ್ಲ ಅಷ್ಟೇ. ಈಗ ಫೋನಿನ ಗಡಿಯಾರದಲ್ಲಿ ನ್ಯೂಯಾರ್ಕ್ ಸೇರಿಸಿಕೊಂಡು ಅದರ ಟೈಮಿಗೇ ಅಲಾರಂ ಇಡ್ತೀನಿ.

ಈಗ 2024ರ ಆಗಸ್ಟ್‌ಗೆ ಬರೋಣ. ಇದನ್ನು ಬರೆಯೋಕೆ ಕೂತಿದ್ದೇ ಆ ವಾರದ ಬಗ್ಗೆ ಹೇಳೋಕೆ.

ಜುಲೈ 31, ಬುಧವಾರ ರಾತ್ರಿ. ಸೂಚ್ಯಂಕ 5520ರ ಆಸುಪಾಸಿನಲ್ಲಿತ್ತು. ಆಗಸ್ಟ್ 9ರ ಎಕ್ಸ್‌ಪೈರಿಯ SPXW, ಅಂದ್ರೆ ಇದೇ ಸೂಚ್ಯಂಕದ ವಾರದ ಆಪ್ಷನ್‌ನಲ್ಲಿ, ಪುಟ್ ಸ್ಪ್ರೆಡ್ ಮಾರಿದೆ. 5300ರ ಪುಟ್ ಮಾರೋದು, ಅದೇ ಹೊತ್ತಿಗೆ 5250ರ ಪುಟ್ ಕೊಳ್ಳೋದು. ಮಾರಿದ್ದಕ್ಕೂ ಕೊಂಡಿದ್ದಕ್ಕೂ ವ್ಯತ್ಯಾಸ 4 ಡಾಲರ್ ನನ್ನ ಕೈಗೆ ಬಂತು. ಒಂದು ಕಾಂಟ್ರಾಕ್ಟ್ ಅಂದ್ರೆ ನೂರು ಪಟ್ಟು, ನಾನು ಮಾಡಿದ್ದು ಎರಡು, ಹಾಗಾಗಿ 800 ಡಾಲರ್. ಸೂಚ್ಯಂಕ 5300ರ ಮೇಲೇ ನಿಂತರೆ ಆ 800 ನಂದು. 5250ರ ಕೆಳಗೆ ಹೋದರೆ 50 ಡಾಲರ್ ಕೊಡಬೇಕು, ಬಂದ 4 ಕಳೆದರೆ 46, ಅಂದ್ರೆ ಎರಡಕ್ಕೆ 9,200 ಡಾಲರ್ ನಷ್ಟ. ಅದಕ್ಕಿಂತ ಜಾಸ್ತಿ ಆಗೋ ಸಾಧ್ಯತೆಯೇ ಇಲ್ಲ, ಕೊಂಡ ಪುಟ್ ಇರೋದೇ ಅದಕ್ಕೆ. ನಾಲ್ಕು ಪರ್ಸೆಂಟ್ ದೂರದಲ್ಲಿದೆ, ಬರೀ ಒಂಬತ್ತು ದಿನ, ಎಲ್ಲಿ ಹೋಗುತ್ತೆ ಅಂದುಕೊಂಡೆ.

ಅದೇ ದಿನ ಬ್ಯಾಂಕ್ ಆಫ್ ಜಪಾನ್ ಬಡ್ಡಿ ದರ ಏರಿಸಿತ್ತು. ಓದಿದ್ದೆ, ಆದರೆ ಜಪಾನಿನ ಬಡ್ಡಿಗೂ ನನ್ನ ಪುಟ್‌ಗೂ ಏನು ಸಂಬಂಧ ಅಂತ ಪುಟ ತಿರುಗಿಸಿದ್ದೆ. ಯೆನ್‌ನಲ್ಲಿ ಅಗ್ಗದ ಸಾಲ ತೆಗೆದು ಅಮೆರಿಕದ ಷೇರು ಕೊಂಡಿದ್ದವರು ಎಷ್ಟು ಜನ ಇದ್ದರು, ಬಡ್ಡಿ ಏರಿದರೆ ಅವರೆಲ್ಲ ಷೇರು ಮಾರಿ ಆ ಸಾಲ ತೀರಿಸೋಕೆ ಓಡ್ತಾರೆ ಅನ್ನೋದು ಆಮೇಲೆ ಗೊತ್ತಾಯ್ತು.

ಶುಕ್ರವಾರ, ಆಗಸ್ಟ್ 2. ಅಮೆರಿಕದ ಉದ್ಯೋಗದ ಅಂಕಿ ಅಂಶ ಬರೋದು ಅಲ್ಲಿನ ಬೆಳಿಗ್ಗೆ ಎಂಟೂವರೆಗೆ, ನಮಗೆ ರಾತ್ರಿ ಎಂಟೂವರೆ, ಸರಿಯಾಗಿ ಚಪಾತಿ ತಟ್ಟೆಗೆ ಬೀಳೋ ಹೊತ್ತು. ಕೆಟ್ಟದಾಗಿ ಬಂತು, ನಿರುದ್ಯೋಗ 4.3 ಪರ್ಸೆಂಟ್. ಮಾರ್ಕೆಟ್ ತೆರೆದ ಮೇಲೆ ಸೂಚ್ಯಂಕ 5300ರ ಹತ್ತಿರಕ್ಕೆ ಹೋಗಿ, ಸ್ವಲ್ಪ ಮೇಲೆದ್ದು, ಕೊನೆಗೆ 5346ರಲ್ಲಿ ನಿಂತಿತು. ನಾನು 4ಕ್ಕೆ ಮಾರಿದ ಸ್ಪ್ರೆಡ್ ಈಗ 16. ಆ 16 ಕೊಟ್ಟು ವಾಪಸ್ ಕೊಂಡು ಮುಚ್ಚಿಬಿಟ್ಟಿದ್ದರೆ 2,400 ಡಾಲರ್ ನಷ್ಟ. ಮುಚ್ಚಲಿಲ್ಲ. ಇನ್ನೂ 46 ಪಾಯಿಂಟ್ ಇದೆ ಅಂತ ಮನಸ್ಸು ಹೇಳಿತು, ವಾರದ ಕೊನೆ ಬೇರೆ, ಮಲಗಿಬಿಟ್ಟೆ. ಶನಿವಾರ ಎದ್ದು, ಬೆಲೆ 25 ಮುಟ್ಟಿದರೆ ತಾನೇ ಮುಚ್ಚಿಬಿಡಲಿ ಅಂತ ಒಂದು ಸ್ಟಾಪ್ ಆರ್ಡರ್ ಹಾಕಿ ಸಮಾಧಾನ ಮಾಡಿಕೊಂಡೆ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಟೋಕಿಯೋ ತೆರೆಯಿತು. ಸ್ಟೇಷನ್ನಿನಲ್ಲಿ ನಿಂತು ಫೋನ್ ನೋಡಿದೆ, ಅಲ್ಲಿನ ಷೇರು ಸೂಚ್ಯಂಕ ನಿಕ್ಕಿ ಜಾರ್ತಾ ಇದೆ. ಆಫೀಸಿಗೆ ಬಂದು ನೋಡಿದೆ, ಇನ್ನೂ ಜಾರ್ತಾ ಇದೆ. ಮಧ್ಯಾಹ್ನ ಎರಡಕ್ಕೆ ಅಲ್ಲಿ ಮಾರ್ಕೆಟ್ ಮುಚ್ಚುವಾಗ 12.4 ಪರ್ಸೆಂಟ್ ಬಿದ್ದಿತ್ತು, 1987ರ ನಂತರ ಒಂದೇ ದಿನದಲ್ಲಿ ಅಷ್ಟು ಬಿದ್ದಿರಲಿಲ್ಲ. ಅಮೆರಿಕದ ಫ್ಯೂಚರ್ಸ್ ಕೂಡ ಜೊತೆಗೇ ಇಳಿಯುತ್ತಿತ್ತು. ನ್ಯೂಯಾರ್ಕಿನವರು ಇನ್ನೂ ಗೊರಕೆ ಹೊಡೀತಿದ್ದರು.

ಮೂರೂಮುಕ್ಕಾಲಿಗೆ ಪ್ಯಾಂಟ್ರಿಗೆ ಹೋಗಿ ಕಾಫಿ ಹಿಡಿದುಕೊಂಡು ಆಪ್ ತೆಗೆದೆ. ಆ ಸ್ಕ್ರೀನ್ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. 5300ರ ಪುಟ್ ಕೊಳ್ಳೋರು ಕೊಡೋದು 182, ಮಾರೋರು ಕೇಳೋದು 214. 5250ರ ಪುಟ್ ಕೊಳ್ಳೋರು 150, ಮಾರೋರು 184. ಆಗಲೇ ಮುಚ್ಚಬೇಕು ಅಂದ್ರೆ 214 ಕೊಟ್ಟು ಒಂದು ಕೊಂಡು, ಇನ್ನೊಂದನ್ನು 150ಕ್ಕೆ ಮಾರಬೇಕು, ವ್ಯತ್ಯಾಸ 64. ಸ್ವಲ್ಪ ನಿಲ್ಲಿ ಇಲ್ಲಿ. ಆ ಸ್ಪ್ರೆಡ್ಡಿನ ಬೆಲೆ ಯಾವ ಕಾಲಕ್ಕೂ 50ಕ್ಕಿಂತ ಜಾಸ್ತಿ ಆಗೋಕೆ ಸಾಧ್ಯವೇ ಇಲ್ಲ, ಎರಡು ಸ್ಟ್ರೈಕಿನ ನಡುವೆ ಇರೋದೇ 50. ಜಗತ್ತು ಮುಳುಗಿದರೂ ನಾನು ಕೊಡಬೇಕಾದ್ದು 50, ಆದರೆ ಸ್ಕ್ರೀನ್ 64 ಕೇಳ್ತಿದೆ. ಹಾಗಾದ್ರೆ ಅದು ಬೆಲೆಯೇ ಅಲ್ಲ. ಕೊಳ್ಳೋರು ಮಾರೋರು ಇಬ್ಬರೂ ಹೆದರಿ ದೂರ ನಿಂತು ಕೂಗ್ತಿರೋ ಸದ್ದು. ಕೈ ನಡುಗ್ತಾ ಇತ್ತು, ಆದರೂ ಈ ಒಂದು ಲೆಕ್ಕ ನನ್ನನ್ನು ಆ ಮಧ್ಯಾಹ್ನ ಉಳಿಸಿತು. ಸ್ಪ್ರೆಡ್ ಮಾಡೋರು ಯಾರಾದರೂ ಇದ್ದರೆ ರಾತ್ರಿ ಸೆಷನ್ನಿನ ಬೆಲೆ ನಿಜವೋ ಸುಳ್ಳೋ ಅಂತ ನೋಡಲು ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ಗೊತ್ತಿಲ್ಲ.

ಅದೇ ಕಾರಣಕ್ಕೆ ಅವತ್ತು ವಿಕ್ಸ್ ಕೂಡ ಹುಚ್ಚು ಹಿಡಿದ ಹಾಗೆ ಏರಿತ್ತು. ವಿಕ್ಸ್ ಅಂದ್ರೆ ಮಾರ್ಕೆಟ್ಟಿನ ಭಯ ಅಳೆಯೋ ಸೂಚಿ, ಇದೇ ಆಪ್ಷನ್‌ಗಳ ಕೊಳ್ಳೋ ಬೆಲೆ ಮಾರೋ ಬೆಲೆಯ ಮಧ್ಯದಿಂದ ಅದನ್ನು ಲೆಕ್ಕ ಹಾಕ್ತಾರೆ. ಅಂತರ ಅಗಲವಾದಾಗ ಆ 'ಮಧ್ಯ'ವೂ ಸುಮ್ನೆ ಮೇಲೇರುತ್ತೆ. ಮಾರ್ಕೆಟ್ ತೆರೆಯೋ ಮುಂಚೆ 65 ದಾಟಿದ್ದು, ದಿನ ಮುಗಿಯುವಾಗ 38ಕ್ಕೆ ಬಂದಿತ್ತು.

ನಾಲ್ಕೂಕಾಲಿಗೆ ಹುಬ್ಬಳ್ಳಿ ಕಡೆಯ ಗೆಳೆಯನ ಫೋನ್. ಅವನೂ ಇಲ್ಲೇ ಇರೋದು, ಬೇರೆ ಬ್ರೋಕರ್. ಅವನು ಬರೀ ಪುಟ್ ಮಾರಿದ್ದ, ಕೆಳಗೆ ರಕ್ಷಣೆಗೆ ಅಂತ ಏನೂ ಕೊಂಡಿರಲಿಲ್ಲ.

"ಏನ್ಪಾ, ನಂದು ಎಲ್ಲಾ ಅವ್ರೇ ಕಟ್ ಮಾಡಿ ಒಗದಾರಲೇ."

"ಯಾವಾಗ?"

"ಈಗ. ಮಾರ್ಜಿನ್ ಸಾಲಲಿಲ್ಲಂತ. ರೊಕ್ಕಾ ಹಾಕಾಕ್ ಹೋದ್ನಿ, ಅಷ್ಟ್ರಾಗ ಮುಗದಿತ್ತು. ಆಸ್ಕ್ ರೇಟಿಗೇ ತಗೊಂಡಾರ ನೋಡು."

ಅದೇ ಸುಳ್ಳು ಬೆಲೆಗೆ ಅವನ ಪೊಸಿಷನ್ ಮುಚ್ಚಿದ್ದರು. ನನ್ನದು ಯಾಕೆ ಮುಚ್ಚಲಿಲ್ಲ ಅಂದ್ರೆ ನನ್ನ ಬುದ್ಧಿವಂತಿಕೆ ಏನಲ್ಲ, ನನ್ನ ಪೂರ್ತಿ ನಷ್ಟ 9,200 ಅಂತ ಮೊದಲೇ ಗೊತ್ತಿತ್ತು, ಬ್ರೋಕರ್ ಅಷ್ಟನ್ನು ಮಾರ್ಜಿನ್ ಅಂತ, ಅಂದ್ರೆ ನಷ್ಟಕ್ಕೆ ಅಡಮಾನವಾಗಿ, ಮೊದಲ ದಿನವೇ ಹಿಡಿದಿಟ್ಟುಕೊಂಡಿದ್ದ. ಬೆಲೆ ಏನೇ ಕುಣಿದರೂ ಹೊಸದಾಗಿ ಕೇಳೋದಕ್ಕೆ ಏನೂ ಇರಲಿಲ್ಲ. ಬರೀ ಪುಟ್ ಮಾರಿದವನಿಗೆ ಹಾಗಲ್ಲ, ವಿಕ್ಸ್ ಏರಿದ ಹಾಗೆ ಮಾರ್ಜಿನ್ ಕೂಡ ಏರ್ತಾ ಹೋಗುತ್ತೆ, ಅದೂ ಮಧ್ಯಾಹ್ನ ಅವನು ಕೆಲಸದಲ್ಲಿರುವಾಗ.

ಫ್ಯೂಚರ್ಸ್ ಮಾರಿ ತಡೆ ಹಾಕೋಣವಾ ಅಂತಲೂ ಒಂದು ಯೋಚನೆ ಬಂತು. ಮೈಕ್ರೋ ಫ್ಯೂಚರ್ಸ್ ಅಂತ ಇದೆ, ಪಾಯಿಂಟಿಗೆ ಐದು ಡಾಲರ್, ಅದು ಆ ಹೊತ್ತಿನಲ್ಲೂ ಚೆನ್ನಾಗಿ ವ್ಯಾಪಾರ ಆಗುತ್ತೆ. ಮಾಡಲಿಲ್ಲ. ಧೈರ್ಯ ಇರಲಿಲ್ಲ ಅಷ್ಟೇ. ಅವತ್ತು ಮಧ್ಯಾಹ್ನ ತಳದ ಹತ್ತಿರ ಒಂದು ಮಾರಿ ಆ ಶುಕ್ರವಾರದವರೆಗೆ ಹಿಡಿದಿದ್ದರೆ ಸಾವಿರದ ಹತ್ತಿರ ಡಾಲರ್ ಅದರಲ್ಲೂ ಹೋಗ್ತಿತ್ತು.

ರಾತ್ರಿ 9.20. ಶನಿವಾರ ಹಾಕಿದ್ದ ಸ್ಟಾಪ್ ನೆನಪಾಯ್ತು. ಅದು ಬೆಳಿಗ್ಗೆಯಿಂದ ಯಾಕೆ ಕೆಲಸ ಮಾಡಿಲ್ಲ? ಯಾಕಂದ್ರೆ ನನ್ನ ಬ್ರೋಕರ್ ಹತ್ತಿರ ಸ್ಟಾಪ್ ಜೀವ ತಾಳೋದು ಮುಖ್ಯ ಸೆಷನ್ನಿನಲ್ಲಿ ಮಾತ್ರ. ಅಂದ್ರೆ ಹದಿಮೂರು ಗಂಟೆ ಅದು ಬರೀ ಗೋಡೆಗೆ ಅಂಟಿಸಿದ ಚೀಟಿ. ಅದಕ್ಕಿಂತ ಹೆಚ್ಚಿನ ಅಪಾಯ ಏನು ಅಂದ್ರೆ, ಒಂಬತ್ತೂವರೆಗೆ ಬಾಗಿಲು ತೆರೆದ ಮೊದಲ ಸೆಕೆಂಡಿನಲ್ಲೇ ಅದು ಸಿಡಿಯುತ್ತೆ, ಆ ಹೊತ್ತಿನಲ್ಲಿ ಬೆಲೆಗಳು ಇನ್ನೂ ಅಗಲವಾಗೇ ಇರುತ್ತವೆ. ಒಂಬತ್ತು ಇಪ್ಪತ್ನಾಲ್ಕಕ್ಕೆ ಅದನ್ನು ಕಿತ್ತುಹಾಕಿದೆ.

ಮಾರ್ಕೆಟ್ ತೆರೆಯಿತು, ಸೂಚ್ಯಂಕ 5150ರ ಆಸುಪಾಸು. ನನ್ನ ಎರಡೂ ಸ್ಟ್ರೈಕಿಗಿಂತ ಕೆಳಗೆ. ಮೊದಲ ಹತ್ತು ನಿಮಿಷ ಸುಮ್ನೆ ನೋಡ್ತಾ ಕೂತೆ. ಸ್ಪ್ರೆಡ್ಡಿನ ಕೊಳ್ಳೋ ಬೆಲೆ ಮಾರೋ ಬೆಲೆ ಮೆಲ್ಲಗೆ ಹತ್ತಿರ ಬಂದವು, ಹತ್ತು ಗಂಟೆ ಹೊತ್ತಿಗೆ 32 ಮತ್ತು 34.50. ಮಧ್ಯಾಹ್ನ 64 ಕೇಳ್ತಿದ್ದ ಅದೇ ಮಾಲು. 33ಕ್ಕಿಂತ ಜಾಸ್ತಿ ಕೊಡಲ್ಲ ಅಂತ ಲಿಮಿಟ್ ಹಾಕಿ ಒಂದು ಕಾಂಟ್ರಾಕ್ಟ್ ಮುಚ್ಚಿದೆ, 2,900 ಡಾಲರ್ ನಷ್ಟ. ಎರಡನೆಯದನ್ನು ಬಿಟ್ಟೆ. ಪೂರ್ತಿ ಹೋದರೆ ಇನ್ನೂ 4,600, ಅಷ್ಟು ತಡ್ಕೋಬಹುದು ಅನ್ನಿಸಿತು. ಅದಕ್ಕೆ ಬೇರೆ ಕಾರಣ ಇದೆ ಅಂತ ಹೇಳಿದರೆ ಸುಳ್ಳಾಗುತ್ತೆ.

ಆಗಸ್ಟ್ 9, ಶುಕ್ರವಾರ, ಸಿಂಗಪುರದ ರಾಷ್ಟ್ರೀಯ ದಿನ, ರಜೆ. ಹಗಲೆಲ್ಲ ಮಲಗಿ ರಾತ್ರಿ ಎದ್ದಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ಸೂಚ್ಯಂಕ 5344ರಲ್ಲಿ ನಿಂತಿತು. 5300ರ ಮೇಲೆ. ಉಳಿದ ಒಂದು ಸ್ಪ್ರೆಡ್ ಸೊನ್ನೆಗೆ ಹೋಗಿ ಅದರ 400 ಡಾಲರ್ ನನಗೇ ಉಳಿಯಿತು. ಒಟ್ಟು ನಷ್ಟ 2,500. ಹಿಂದಿನ ಶುಕ್ರವಾರ 16ಕ್ಕೆ ಮುಚ್ಚಿದ್ದರೆ 2,400 ಆಗ್ತಿತ್ತು. ಒಂದು ವಾರ ಊಟ ಸೇರದೇ ಇದ್ದದ್ದಕ್ಕೆ ನೂರು ಡಾಲರ್ ನಾನೇ ಕೊಟ್ಟ ಹಾಗಾಯ್ತು.

ದುಡ್ಡು ಬದಲಾಯಿಸೋ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಆ ವರ್ಷ ನಾನು ಇದರಲ್ಲಿ ಕಳೆದುಕೊಂಡಿದ್ದೂ ಕಡಿಮೆಯೇನಲ್ಲ, ಅದೂ ಗೊತ್ತಾಗದ ಹಾಗೆ. ಸಂಬಳ ಸಿಂಗಪುರ ಡಾಲರ್, ಟ್ರೇಡ್ ಅಮೆರಿಕನ್ ಡಾಲರ್. ಜೂನ್ ಕೊನೆಯಲ್ಲಿ 27,000 ಸಿಂಗಪುರ ಡಾಲರನ್ನು 1.35ರ ದರದಲ್ಲಿ ಬದಲಾಯಿಸಿ 20,000 ಅಮೆರಿಕನ್ ಡಾಲರ್ ಮಾಡಿಟ್ಟಿದ್ದೆ, ಮಾರ್ಜಿನ್‌ಗೆ ಅಂತ. ಸೆಪ್ಟೆಂಬರ್ ಕೊನೆಗೆ ಆ ದರ 1.28ರ ಹತ್ತಿರ ಇಳಿದಿತ್ತು. ಮುಟ್ಟದೇ ಇಟ್ಟಿದ್ದರೂ ಆ 20,000 ಈಗ ಬರೀ 25,600 ಸಿಂಗಪುರ ಡಾಲರ್. 1,400 ಹೋಯ್ತು, ಒಂದೂ ಟ್ರೇಡ್ ಮಾಡದೆ. ತಿಂಗಳಿಗೆ ನಾನೂರು ಐನೂರು ಡಾಲರ್ ಪ್ರೀಮಿಯಂ ಸಿಕ್ಕಿತು ಅಂತ ಕುಣಿಯೋನು ಇದನ್ನು ನೋಡಿರಲೇ ಇಲ್ಲ, ಯಾಕಂದ್ರೆ ಆಪ್‌ನಲ್ಲಿ ಎಲ್ಲವನ್ನೂ ಅಮೆರಿಕನ್ ಡಾಲರ್‌ನಲ್ಲಿ ತೋರಿಸೋ ಹಾಗೆ ಇಟ್ಟುಕೊಂಡಿದ್ದೆ.

ಆಪ್ಷನ್ ಮಾರೋನಿಗೆ ನಿಜವಾಗಿ ಅಮೆರಿಕನ್ ಡಾಲರ್ ಬೇಕಿರೋದು ನಷ್ಟ ಕಟ್ಟೋದಕ್ಕೆ ಮಾತ್ರ. ಅಡಮಾನದ ದುಡ್ಡು ಸಿಂಗಪುರ ಡಾಲರ್‌ನಲ್ಲೇ ಇದ್ದರೂ ನನ್ನ ಬ್ರೋಕರ್ ಸ್ವಲ್ಪ ಕಡಿತ ಮಾಡಿ ಅದನ್ನೂ ಮಾರ್ಜಿನ್ ಅಂತ ಒಪ್ಪುತ್ತಾನೆ. ಈಗ ಹಾಗೇ ಇಡ್ತೀನಿ, ಬಂದ ಪ್ರೀಮಿಯಂ ಮಾತ್ರ ಅಮೆರಿಕನ್ ಡಾಲರ್‌ನಲ್ಲಿ ಕೂಡ್ತಾ ಹೋಗುತ್ತೆ. ಇದರಲ್ಲೂ ಒಂದು ಕೊಕ್ಕೆ ಇದೆ. ದೊಡ್ಡ ನಷ್ಟ ಬಂದು ಅಮೆರಿಕನ್ ಡಾಲರ್ ಬಾಕಿ ಮೈನಸ್‌ಗೆ ಹೋದರೆ ಅದು ಸಾಲ, ದಿನಾ ಬಡ್ಡಿ ಬೀಳುತ್ತೆ, ಯಾರೂ ಫೋನ್ ಮಾಡಿ ಹೇಳಲ್ಲ. ಹಾಗಾಗಿ ನಷ್ಟ ಮುಚ್ಚಿದ ರಾತ್ರಿಯೇ ಅಷ್ಟನ್ನು ಬದಲಾಯಿಸಿಬಿಡಬೇಕು. ಮೊದಲು ನಾನಿದ್ದ ಬ್ರೋಕರ್ ಇದನ್ನು ತಾನೇ ಮಾಡ್ತಿದ್ದ, ಅನುಕೂಲ ಅಂದುಕೊಂಡಿದ್ದೆ. ಒಂದು ದಿನ ಸ್ಟೇಟ್‌ಮೆಂಟಿನ ದರವನ್ನು ಅದೇ ಹೊತ್ತಿನ ಮಾರ್ಕೆಟ್ ದರದ ಪಕ್ಕ ಇಟ್ಟು ನೋಡಿದೆ, ಹೋಗುವಾಗ ಒಂದು ಪರ್ಸೆಂಟ್ ಹತ್ತಿರ, ಬರುವಾಗ ಇನ್ನೊಂದು ಪರ್ಸೆಂಟ್. ಕಮಿಷನ್ ಸೊನ್ನೆ ಅಂತ ಬೋರ್ಡ್ ಹಾಕಿದ್ದು ಯಾಕೆ ಅಂತ ಆಗ ತಿಳಿಯಿತು.

ಇದರ ಮೇಲೆ ಮೂರನೇ ದುಡ್ಡು ಒಂದಿದೆ. ಅಮ್ಮ ಮೈಸೂರಿನಿಂದ ಕೇಳೋದು ರೂಪಾಯಿಯಲ್ಲೇ. "ಅದೇನೋ ರಾತ್ರಿಯೆಲ್ಲ ಕೂತ್ಕೊಂಡು ಮಾಡ್ತೀಯಲ್ಲ, ಏನು ಬಂತಪ್ಪಾ?" ಅಂದ್ರು ಆ ಆಗಸ್ಟ್‌ನಲ್ಲಿ. 2,500 ಡಾಲರನ್ನು ರೂಪಾಯಿಗೆ ತಿರುಗಿಸಿ ನೋಡಿದರೆ ಎರಡು ಲಕ್ಷ ದಾಟುತ್ತೆ. ಪರವಾಗಿಲ್ಲಮ್ಮ, ಬಂತು ಸ್ವಲ್ಪ ಅಂದೆ.

ತಮ್ಮ ಬೆಂಗಳೂರಿನಲ್ಲಿದ್ದಾನೆ, ಅವನಿಗೂ ಆಸೆ. ಅಣ್ಣಾ, ನಾನೂ ಇಲ್ಲಿಂದ ದುಡ್ಡು ಕಳಿಸಿ ಮಾಡ್ಲಾ ಅಂತ ಕೇಳಿದ. ಮಾಡೋ ಹಾಗಿಲ್ಲ ಅಂದೆ. ಭಾರತದಲ್ಲಿ ವಾಸ ಇರೋರು ಹೊರದೇಶಕ್ಕೆ ದುಡ್ಡು ಕಳಿಸೋ ಎಲ್‌ಆರ್‌ಎಸ್ ಯೋಜನೆಯ ಅಡಿಯಲ್ಲಿ ವಿದೇಶಿ ಷೇರು ಕೊಳ್ಳೋಕೆ ದುಡ್ಡು ಕಳಿಸಬಹುದು, ಆದರೆ ವಿದೇಶಿ ಎಕ್ಸ್‌ಚೇಂಜಿಗೆ ಮಾರ್ಜಿನ್ ಕಟ್ಟೋಕೆ ಕಳಿಸೋದನ್ನು ರಿಸರ್ವ್ ಬ್ಯಾಂಕ್ ಒಪ್ಪಲ್ಲ. ಪುಟ್ ಮಾರೋಕೆ ಬೇಕಿರೋದೇ ಮಾರ್ಜಿನ್. ಯಾರೋ ಟೆಲಿಗ್ರಾಂನಲ್ಲಿ ಆಗುತ್ತೆ ಅಂದಿದ್ದಾರಂತೆ. ಅವರಿಗೇ ಮೊದಲು ಕಳಿಸೋಕೆ ಹೇಳು ಅಂದೆ. ಹತ್ತು ನಿಮಿಷ ಮುನಿಸಿಕೊಂಡು, ಆಮೇಲೆ ಆ 64ರ ಲೆಕ್ಕ ಇನ್ನೊಂದು ಸಲ ಹೇಳು ಅಂದ.